ಈ ಚಿತ್ರ ಯಾರದು? ಸ್ಮರಣ ಸಂಚಿಕೆಗೆ ಚಿತ್ರ ಹುಡುಕುವ ಬಗೆ

(ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ ಸಮಿತಿಯ ಸಭೆಯಲ್ಲಿ, ಪುಸ್ತಕ ವಿನ್ಯಾಸದ ಕೆಲಸದಲ್ಲಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಸಂಚಿಕೆಗೆ ಬಂದಿರುವ ಲೇಖನಗಳನ್ನು ಸಮಿತಿಯವರು ನನಗೆ ಕಳುಹಿಸಿದ್ದರು. ಓದಿ ಸಂತೋಷವಾಯಿತು. ಜೊತೆಗೆ ಒಂದು ಪಟ್ಟಿಯೂ ಇತ್ತು, 'ಚಿತ್ರ ಬೇಕಾದ ಕಡೆಗಳು' ಅಂತ. ಹಂಪಿಗೆ ಹೋದ ಶೈಕ್ಷಣಿಕ ಪ್ರವಾಸದ ಲೇಖನಕ್ಕೆ ಕಲ್ಲಿನ ರಥ, ವಿಜ್ಞಾನದ ಲೇಖನಕ್ಕೆ ಚಂದ್ರ, ಶಾಲೆಯ ಇತಿಹಾಸಕ್ಕೆ ಮೊದಲಿನ ಹೆಂಚಿನ ಕಟ್ಟಡ. ಪಟ್ಟಿಯ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: 'ಎಲ್ಲವನ್ನೂ ಕಂಪ್ಯೂಟರಿನಲ್ಲಿ ಎಐಯಿಂದ ಮಾಡಿಸಿಬಿಡೋಣ, ಐದು ನಿಮಿಷದ ಕೆಲಸ.' ಬರೆದವರು ಯಾರೆಂದು ನಾನು ಕೇಳುವುದಿಲ್ಲ. ಆದರೆ ಇವತ್ತಿನ ನನ್ನ ಮಾತೆಲ್ಲ ಆ ಒಂದು ಸಾಲಿಗೆ ಉತ್ತರ.

ಕಲ್ಲಿನ ರಥವನ್ನೇ ತೆಗೆದುಕೊಳ್ಳೋಣ. ಅದು ಎಲ್ಲರ ಜೇಬಿನಲ್ಲೂ ಇದೆ. 2017ರಲ್ಲಿ ಬಂದ ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿ ನೋಡಿ. ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಗರುಡನ ಗುಡಿ ಅದು, ರಥದ ರೂಪದಲ್ಲಿ ಕಟ್ಟಿದ್ದು. ನೋಟಿನಲ್ಲಿ ಅದರ ತಲೆ ಚಪ್ಪಟೆ. ನೀವು ಹೋಗಿ ಕಂಡದ್ದೂ ಹಾಗೆಯೇ.

1856ರಲ್ಲಿ ಮದ್ರಾಸ್ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ಹಂಪಿಗೆ ಬಂದ. ಆಗ ಈಗಿನ ಹಾಗೆ ಫಿಲ್ಮ್ ಇರಲಿಲ್ಲ, ಕಾಗದದ ಮೇಲೆಯೇ ನೆಗೆಟಿವ್ ಮಾಡುತ್ತಿದ್ದರು. ಅವನು ತೆಗೆದ ರಥದ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರ ಇದೆ! ಆಮೇಲೆ ಅದನ್ನು ತೆಗೆದುಹಾಕಲಾಯಿತು. ಈಗ ಆ ಶಿಖರವನ್ನು ನೋಡಬೇಕೆಂದರೆ ಇಂಥ ಹಳೆಯ ಚಿತ್ರಗಳಲ್ಲೇ ನೋಡಬೇಕು.

ಇನ್ನೊಂದು ಸಣ್ಣ ಸಂಗತಿ. ಈಗ ರಥದ ಮುಂದೆ ಎರಡು ಆನೆಗಳಿವೆ. ಹಿಂದೆ ಸರಿದು ಗಮನಿಸಿದರೆ ಆನೆಗಳ ಬೆನ್ನ ಹಿಂದೆ ಕುದುರೆಯ ಹಿಂಗಾಲು, ಬಾಲದ ಗುರುತು ಕಾಣುತ್ತದೆ. ಮೊದಲು ಅಲ್ಲಿ ಕುದುರೆಗಳಿದ್ದವು, ಆನೆಗಳು ಆಮೇಲೆ ಬಂದು ನಿಂತವು. ಒಳ್ಳೆಯ ಫೋಟೋ ಒಂದಿದ್ದರೆ ಮೇಷ್ಟ್ರು ಮಕ್ಕಳಿಗೆ ಬೆರಳಿಟ್ಟು ಇದನ್ನು ತೋರಿಸಬಹುದು. ಕಂಪ್ಯೂಟರ್ ಹುಟ್ಟಿಸಿದ ಚಿತ್ರದಲ್ಲಿ ಏನನ್ನು ತೋರಿಸುತ್ತೀರಿ? ಅದು ಸಾವಿರಾರು ಚಿತ್ರಗಳಿಂದ ಕಲಿತದ್ದನ್ನು ಬಳಸಿ 'ರಥದ ಹಾಗೆ ಕಾಣುವ' ಒಂದನ್ನು ಕೊಡುತ್ತದೆ. ನೋಡಲು ಚೆನ್ನಾಗಿಯೇ ಇರುತ್ತದೆ, ಅದರ ತೊಂದರೆಯೂ ಅದೇ. ಹಂಪಿಯಲ್ಲಿ ಯಾವತ್ತೂ ನಿಲ್ಲದ ಒಂದು ರಥ ನಮ್ಮ ಸಂಚಿಕೆಯಲ್ಲಿ ನಿಂತುಬಿಡುತ್ತದೆ.

ಸರಿ, ನಿಜವಾದ ಚಿತ್ರ ಬೇಕು. ಆದರೆ ಅದು ಯಾರದು? ಇಲ್ಲಿ ಬಹಳ ಜನ ತಪ್ಪುವ ಒಂದು ಜಾಗವಿದೆ. 'ರಥ ಐನೂರು ವರ್ಷ ಹಳೆಯದು, ಅದಕ್ಕೇನು ಕಾಪಿರೈಟು?' ಎನ್ನುತ್ತಾರೆ. ರಥಕ್ಕೆ ಇಲ್ಲ, ನಿಜ. ಫೋಟೋಗೆ ಇದೆ. ಎಲ್ಲಿ ನಿಲ್ಲಬೇಕು, ಯಾವ ಬೆಳಕಿಗೆ ಕಾಯಬೇಕು ಎಂದು ತೀರ್ಮಾನಿಸಿದವನು ಫೋಟೋ ತೆಗೆದವನು. ಹಕ್ಕು ಅವನದು. ಗ್ರೀನ್‌ಲಾ ಚಿತ್ರ ತೆಗೆದ ಜಾಗಗಳನ್ನೇ ಹುಡುಕಿಕೊಂಡು 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕರು ಹೋದರು. ಅವನು ನಿಂತಲ್ಲೇ ನಿಂತು ಅದೇ ನೋಟಗಳನ್ನು ಮತ್ತೆ ಸೆರೆಹಿಡಿದರು. ಪಕ್ಕಪಕ್ಕ ಇಟ್ಟರೆ ಅದೇ ಬಂಡೆ, ಅದೇ ಕಂಬ. ಆದರೆ ಗ್ರೀನ್‌ಲಾನ ಚಿತ್ರವನ್ನು ನಾವು ಯಾರನ್ನೂ ಕೇಳದೆ ಅಚ್ಚು ಹಾಕಬಹುದು, ಗೋಲಿಂಗ್ಸ್ ಅವರದನ್ನು ಅನುಮತಿ ಇಲ್ಲದೆ ಹಾಕುವಂತಿಲ್ಲ.

ಯಾಕೆ ಹಾಗೆ? ನಮ್ಮ ದೇಶದ ಕಾನೂನು 1957ರದು. ಅದರಲ್ಲಿ ಫೋಟೋಗಳಿಗೆಂದೇ 25ನೆಯ ಸೆಕ್ಷನ್ ಇತ್ತು. ಫೋಟೋ ಪ್ರಕಟವಾದ ವರ್ಷದಿಂದ ಲೆಕ್ಕ ಹಾಕುತ್ತಿದ್ದರು. 2012ರ ತಿದ್ದುಪಡಿಯಲ್ಲಿ ಆ ಸೆಕ್ಷನ್ನನ್ನೇ ತೆಗೆದರು. ಈಗ ಫೋಟೋಗೂ ಕಥೆ ಕವನಗಳಿಗೆ ಇರುವ ಲೆಕ್ಕವೇ: ತೆಗೆದವರು ಬದುಕಿರುವಷ್ಟು ಕಾಲ, ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ ಇನ್ನೂ 60 ವರ್ಷ. ಅಷ್ಟು ಕಳೆದ ಮೇಲೆ ಅದು ಎಲ್ಲರದು. ಸಾರ್ವಜನಿಕ ಸ್ವತ್ತು ಎನ್ನುವುದು ಇದನ್ನೇ. ಊರ ಕೆರೆಯ ಹಾಗೆ ಅನ್ನಿ, ಕೆರೆಗಾದರೂ ಪಂಚಾಯಿತಿ ಒಂದಿರುತ್ತದೆ, ಇದಕ್ಕೆ ಅದೂ ಇಲ್ಲ. ಗ್ರೀನ್‌ಲಾ 1870ರಲ್ಲಿ ತೀರಿಕೊಂಡ. ಯಾವ ಲೆಕ್ಕ ಹಾಕಿದರೂ ಅವನ ಚಿತ್ರದ ಅವಧಿ ಮುಗಿದು ಬಹಳ ಕಾಲವಾಯಿತು.

ಇದರಿಂದಲೇ ಇನ್ನೊಂದು ಮಾತು ಹೊರಡುತ್ತದೆ. ಸಂಚಿಕೆಯಲ್ಲಿ ಕುವೆಂಪು ಅವರ ಫೋಟೋ ಹಾಕಬೇಕೆಂದಿದ್ದೀರಿ. ಫೋಟೋ ಹಳೆಯದಾಗಿ ಕಪ್ಪುಬಿಳುಪಾಗಿದ್ದ ಮಾತ್ರಕ್ಕೆ ಎಲ್ಲರದಾಗುವುದಿಲ್ಲ. ಅದನ್ನು ತೆಗೆದವರು ಯಾರು, ಅವರು ಇದ್ದಾರೆಯೇ ಎಂದು ತಿಳಿಯಬೇಕು. ತಿಳಿಯದಿದ್ದರೆ ಆ ಫೋಟೋ ಬಿಟ್ಟು, ಪರವಾನಗಿ ಸ್ಪಷ್ಟವಾಗಿರುವ ಬೇರೆ ಚಿತ್ರ ಹಾಕೋಣ. ಕವಿಶೈಲದ ಬಂಡೆಗಳ ಒಳ್ಳೆಯ ಫೋಟೋ ಆದರೂ ನಡೆಯುತ್ತದೆ. ಬದಲಿಗೆ ಕಂಪ್ಯೂಟರಿನಿಂದ ಕುವೆಂಪು ಅವರನ್ನು ಮಾಡಿಸಿದರೆ ಮುಖ ಅವರ ಹಾಗೆಯೇ ಇರುತ್ತದೆ, ಆದರೆ ಅವರಾಗಿರುವುದಿಲ್ಲ. ಅದನ್ನು ನಾನಂತೂ ಪುಟಕ್ಕೆ ಏರಿಸುವುದಿಲ್ಲ.

ಈಗ ಹುಡುಕುವ ಕೆಲಸ. ಹಂಪಿಯ ಇವತ್ತಿನ ಬಣ್ಣದ ಚಿತ್ರವೊಂದೂ ಬೇಕು, ಗ್ರೀನ್‌ಲಾನ ಚಿತ್ರದ ಪಕ್ಕದಲ್ಲಿ ಇಡಲು. ಗೂಗಲ್‌ನಲ್ಲಿ ಚಿತ್ರ ಹುಡುಕಿ ಕಂಡದ್ದನ್ನು ಉಳಿಸಿಕೊಳ್ಳುವುದು ನಮ್ಮೆಲ್ಲರ ಅಭ್ಯಾಸ. ಗೂಗಲ್ ಚಿತ್ರಗಳ ಒಡೆಯನಲ್ಲ, ಯಾರ ಮನೆಯಲ್ಲಿ ಏನಿದೆ ಎಂದು ಹೇಳುವವನು ಅಷ್ಟೆ. ನಾನು ಮೊದಲು ಹೋಗುವುದು ವಿಕಿಮೀಡಿಯ ಕಾಮನ್ಸ್‌ಗೆ. ವಿಕಿಪೀಡಿಯದಲ್ಲಿ ಕಾಣುವ ಬಹುಪಾಲು ಚಿತ್ರಗಳು ಅಲ್ಲಿಯವೇ. ವಿಳಾಸ commons.wikimedia.org. ಹುಡುಕುವ ಪೆಟ್ಟಿಗೆಯಲ್ಲಿ ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ. ಚಿತ್ರಗಳಿಗೆ ಹೆಸರಿಟ್ಟವರು ಜಗತ್ತಿನ ಎಲ್ಲ ಕಡೆಯವರು, ಹಾಗಾಗಿ `Hampi stone chariot` ಎಂದರೆ ಹೆಚ್ಚು ಸಿಗುತ್ತವೆ. ಹಳೆಯದಕ್ಕೆ `Greenlaw Hampi 1856` ಎಂದು ಹಾಕಿ.

ಚಿತ್ರ ಇಷ್ಟವಾಯಿತು. ತಕ್ಷಣ ಉಳಿಸಿಕೊಳ್ಳಬೇಡಿ. ಅದರ ಪುಟವನ್ನು ಪೂರ್ತಿ ತೆರೆದು ಕೆಳಗಿನ ತನಕ ಓದಿ. ಚಿತ್ರದ ಕೆಳಗೆ ಒಂದು ಪಟ್ಟಿ ಇರುತ್ತದೆ. ಏನು ಚಿತ್ರ, ಯಾವ ದಿನ ತೆಗೆದದ್ದು, ಎಲ್ಲಿಂದ ಬಂತು, ಯಾರು ತೆಗೆದರು. ಅದರ ಕೆಳಗೆ `Licensing` ಎಂಬ ತಲೆಬರಹ, ಅದರಡಿ ಒಂದು ಚೌಕ. ನಮ್ಮ ಜಮೀನಿಗೆ ಪಹಣಿ ಹೇಗೋ ಚಿತ್ರಕ್ಕೆ ಆ ಚೌಕ ಹಾಗೆ. ಪಹಣಿ ನೋಡದೆ ಜಮೀನಿಗೆ ಮುಂಗಡ ಕೊಡುವವರು ನಮ್ಮೂರಲ್ಲಿ ಯಾರೂ ಇಲ್ಲ ಎಂದುಕೊಂಡಿದ್ದೇನೆ.

ಗ್ರೀನ್‌ಲಾನ ಚಿತ್ರದಂಥದಕ್ಕೆ ಆ ಚೌಕದಲ್ಲಿ ಸಾರ್ವಜನಿಕ ಸ್ವತ್ತು ಎಂದಿರುತ್ತದೆ, ಯಾಕೆ ಎಂಬ ಕಾರಣವೂ ಇರುತ್ತದೆ. ಬಣ್ಣದ ಚಿತ್ರಕ್ಕೆ ಬಹುಮಟ್ಟಿಗೆ `CC BY-SA 4.0` ಎಂದಿರುತ್ತದೆ. ಈ ಅಕ್ಷರಗಳು ಮಂತ್ರವಲ್ಲ, ಒಂದೊಂದೂ ಒಂದು ಕರಾರು. ಮೊದಲ `CC` ಎಂದರೆ ಕ್ರಿಯೇಟಿವ್ ಕಾಮನ್ಸ್, ಈ ಪರವಾನಗಿಗಳನ್ನು ಬರೆದ ಸಂಸ್ಥೆ. ಮೊದಲ ಪರವಾನಗಿಗಳನ್ನು 2002ರಲ್ಲಿ ಹೊರತಂದರು. ಚಿತ್ರ ತೆಗೆದವರು ಹಕ್ಕನ್ನು ತಮ್ಮಲ್ಲೇ ಇಟ್ಟುಕೊಂಡು, 'ಇಂಥ ಕರಾರಿಗೆ ಒಪ್ಪಿದರೆ ಯಾರು ಬೇಕಾದರೂ ಬಳಸಿ, ನನ್ನನ್ನು ಕೇಳಬೇಕಿಲ್ಲ' ಎಂದು ಮೊದಲೇ ಬರೆದುಕೊಟ್ಟಿರುತ್ತಾರೆ. ಒಮ್ಮೆ ಕೊಟ್ಟ ಪರವಾನಗಿಯನ್ನು, ನೀವು ಕರಾರು ಪಾಲಿಸುವ ತನಕ, ಹಿಂದಕ್ಕೆ ಪಡೆಯುವಂತಿಲ್ಲ.

`BY` ಎಂದರೆ ತೆಗೆದವರ ಹೆಸರು ಹಾಕಬೇಕು. `SA` ಎಂದರೆ ಚಿತ್ರವನ್ನು ಮಾರ್ಪಡಿಸಿ ಹೊಸದೇನಾದರೂ ಮಾಡಿದರೆ, ಆ ಹೊಸದನ್ನೂ ಅದೇ ಕರಾರಿನ ಮೇಲೆ ಬೇರೆಯವರಿಗೆ ಬಿಡಬೇಕು. ಇಲ್ಲಿ ಸಮಿತಿಯ ಒಬ್ಬರು ಫೋನಿನಲ್ಲಿ ಕೇಳಿದರು, 'ಹಾಗಾದರೆ ನಮ್ಮ ಇಡೀ ಸಂಚಿಕೆಯನ್ನೇ ಬಿಟ್ಟುಕೊಡಬೇಕಾ?' ಬೇಡ. ಲೇಖನದ ನಡುವೆ ಚಿತ್ರವನ್ನು ಇದ್ದ ಹಾಗೆ ಇಟ್ಟರೆ ಕರಾರು ಆ ಚಿತ್ರಕ್ಕಷ್ಟೇ ಅಂಟುತ್ತದೆ, ಲೇಖನ ಬರೆದವರ ಹಕ್ಕು ಬರೆದವರದೇ. ಆದರೆ ಮುಖಪುಟಕ್ಕೆ ಆ ರಥವನ್ನು ತೆಗೆದು, ಹಿಂದೆ ಶಾಲೆಯ ಕಟ್ಟಡ ಸೇರಿಸಿ, ಮೇಲೆ ದೀಪ ಬಿಡಿಸಿ ಒಂದೇ ಚಿತ್ರ ಮಾಡಿದಿರಿ ಅನ್ನಿ, ಆಗ ಆ ಮುಖಪುಟದ ಚಿತ್ರ ರಥದ ಚಿತ್ರದಿಂದ ಹುಟ್ಟಿದ್ದು. ಅದನ್ನು ಅದೇ ಪರವಾನಗಿಯಡಿ ಬಿಡಬೇಕು. ಬಿಡಲು ಮನಸ್ಸಿಲ್ಲದಿದ್ದರೆ ಮುಖಪುಟಕ್ಕೆ ಗ್ರೀನ್‌ಲಾನನ್ನು ಹಿಡಿಯಿರಿ, ಅವನ ಕರಾರು ಏನೂ ಇಲ್ಲ.

ಬೇರೆ ಜಾಲತಾಣಗಳಲ್ಲಿ ಇನ್ನೆರಡು ಗುರುತು ಕಾಣುತ್ತವೆ, ಕಾಮನ್ಸ್‌ನಲ್ಲಿ ಇವೆರಡರ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ. `NC` ಎಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ನಾವೇನು ವ್ಯಾಪಾರಿಗಳೇ ಎನ್ನಬಹುದು. ಆದರೆ ಸಂಚಿಕೆಗೆ ಬೆಲೆ ಇಟ್ಟಿದ್ದೀರಿ, ಹಿಂದಿನ ಪುಟಗಳಲ್ಲಿ ಗೊಬ್ಬರದ ಅಂಗಡಿಯ, ಕಲ್ಯಾಣ ಮಂಟಪದ ಜಾಹೀರಾತುಗಳಿವೆ. ಇದು ವ್ಯಾಪಾರವೋ ಅಲ್ಲವೋ ಎಂದು ವಾದ ಮಾಡುತ್ತ ಕೂರುವ ಬದಲು ಆ ಗುರುತಿನ ಚಿತ್ರವನ್ನೇ ಬಿಡುವುದು ನನ್ನ ಪದ್ಧತಿ. `ND` ಎಂದರೆ ಮಾರ್ಪಡಿಸಿ ಹಂಚುವಂತಿಲ್ಲ. ಪುಟಕ್ಕೆ ಕೂರಿಸಲು ಅಂಚು ಕತ್ತರಿಸುವ ನಮ್ಮಂಥವರಿಗೆ ಅದು ಒಗ್ಗುವುದಿಲ್ಲ. ಇನ್ನು `CC0` ಕಂಡರೆ ಒಡೆಯರು ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿದ್ದಾರೆ ಎಂದರ್ಥ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ ತನ್ನಲ್ಲಿರುವ, ಹಕ್ಕಿನ ಅವಧಿ ಮುಗಿದ ಕೃತಿಗಳ ಚಿತ್ರಗಳನ್ನು ಹೀಗೆ ಬಿಟ್ಟಿತು. ಚಂದ್ರನ ಚಿತ್ರಕ್ಕೆ ನಾಸಾದ ತಾಣಕ್ಕೆ ಹೋಗಿ. ನಾಸಾದವರೇ ತೆಗೆದ ಚಿತ್ರಗಳಿಗೆ ಸಾಮಾನ್ಯವಾಗಿ ಅಮೆರಿಕದಲ್ಲಿ ಕಾಪಿರೈಟ್ ಇಲ್ಲ. ಅವರ ಲಾಂಛನವನ್ನು ಮಾತ್ರ ಮುಟ್ಟಬೇಡಿ.

ಹೆಸರು ಹಾಕುವುದು ಅಂದೆನಲ್ಲ, ಹೇಗೆ? 'ಕೃಪೆ: ಇಂಟರ್‌ನೆಟ್' ಎಂದು ಬರೆಯುವುದು ನಮ್ಮ ಸ್ಮರಣ ಸಂಚಿಕೆಗಳ ಬಹುಕಾಲದ ರೂಢಿ. ಅದು 'ಸಾಲ ಕೊಟ್ಟವರು: ಊರವರು' ಎಂದ ಹಾಗೆ. ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ನಾಲ್ಕು ಸಂಗತಿ ಸಾಕು: ಚಿತ್ರದ ಹೆಸರು, ತೆಗೆದವರು, ಎಲ್ಲಿಂದ ಬಂತು, ಯಾವ ಪರವಾನಗಿ. ಏನಾದರೂ ಬದಲಿಸಿದ್ದರೆ ಅದನ್ನೂ ಹೇಳಬೇಕು. ಒಂದು ಮಾದರಿ:

```
ಹಂಪಿಯ ಕಲ್ಲಿನ ರಥ. ಚಿತ್ರ: (ತೆಗೆದವರ ಹೆಸರು),
ವಿಕಿಮೀಡಿಯ ಕಾಮನ್ಸ್, CC BY-SA 4.0, ಅಂಚು ಕತ್ತರಿಸಿದೆ.
creativecommons.org/licenses/by-sa/4.0
```

ತೆಗೆದವರು ನಿಜ ಹೆಸರಿನ ಬದಲು ಏನೋ ಅಡ್ಡಹೆಸರು ಇಟ್ಟುಕೊಂಡಿರಬಹುದು. ಅದು ಎಷ್ಟೇ ವಿಚಿತ್ರವಾಗಿರಲಿ, ಇದ್ದ ಹಾಗೇ ಬರೆಯಿರಿ. ಕೊನೆಯ `4.0` ಕೂಡ ಬಿಡಬೇಡಿ. ಪರವಾನಗಿಯ ಆವೃತ್ತಿ ಅದು, ಆವೃತ್ತಿಯಿಂದ ಆವೃತ್ತಿಗೆ ಕರಾರು ಸ್ವಲ್ಪ ಬದಲಾಗುತ್ತದೆ. ಉದಾಹರಣೆಗೆ, ಈ ನಾಲ್ಕನೆಯ ಆವೃತ್ತಿಯಲ್ಲಿ ಹೆಸರು ಹಾಕುವುದು ತಪ್ಪಿಹೋಗಿದ್ದರೆ, ಅದು ಗೊತ್ತಾದ 30 ದಿನದೊಳಗೆ ಸರಿಪಡಿಸಿದರೆ ಪರವಾನಗಿ ತಾನಾಗಿ ಮತ್ತೆ ಜೀವ ಪಡೆಯುತ್ತದೆ. ಅಚ್ಚಾದ ಪುಸ್ತಕದಲ್ಲಿ ಸರಿಪಡಿಸುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು, ಹಾಗಾಗಿ ಕರಡು ತಿದ್ದುವಾಗಲೇ ಈ ಸಾಲುಗಳನ್ನೂ ತಿದ್ದಿ.

ಪಹಣಿಯಲ್ಲೂ ಕಳ್ಳ ಪಹಣಿ ಇರುತ್ತದೆ. ಕಾಮನ್ಸ್‌ಗೆ ಯಾರು ಬೇಕಾದರೂ ಚಿತ್ರ ಏರಿಸಬಹುದು. ಯಾರದೋ ಪತ್ರಿಕೆಯ ಫೋಟೋ ತಂದು 'ನಾನೇ ತೆಗೆದದ್ದು' ಎಂದು ಹಾಕುವವರೂ ಇದ್ದಾರೆ. ಅಲ್ಲಿನ ಸ್ವಯಂಸೇವಕರು ಕಂಡಾಗ ಕಿತ್ತುಹಾಕುತ್ತಾರೆ, ಆದರೆ ಎಲ್ಲವೂ ಅವರ ಕಣ್ಣಿಗೆ ಬೀಳುವುದಿಲ್ಲ. ಕದ್ದವನು ನಿಮಗೆ ಪರವಾನಗಿ ಕೊಡಲಾರ, ಅವನ ಬಳಿ ಕೊಡಲು ಏನೂ ಇಲ್ಲ. ಗುರುತಿಸುವುದು ಹೇಗೆ ಎಂದರೆ, ಮೊದಲು ಚಿತ್ರದ ಅಳತೆ ನೋಡಿ. ಸ್ವಂತ ಕ್ಯಾಮೆರಾದಿಂದ ಬಂದ ಚಿತ್ರ ಸಾಮಾನ್ಯವಾಗಿ ಸಾವಿರಾರು ಪಿಕ್ಸೆಲ್ ಅಗಲ ಇರುತ್ತದೆ, ಜಾಲತಾಣದಿಂದ ಎತ್ತಿದ್ದು ಐನೂರು ಆರುನೂರು. ಆಮೇಲೆ ಪುಟದ ತಳದಲ್ಲಿ `Metadata` ಎಂಬ ಭಾಗ ನೋಡಿ. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಹೊತ್ತಿಗೆ ಎಂದು ಕ್ಯಾಮೆರಾ ತಾನೇ ಬರೆದದ್ದು ಅಲ್ಲಿರುತ್ತದೆ. ಅದು ಖಾಲಿ ಇದ್ದ ಮಾತ್ರಕ್ಕೆ ಕಳ್ಳಮಾಲಲ್ಲ, ಆದರೆ ಚಿತ್ರವೂ ಚಿಕ್ಕದಾಗಿ ಅದೂ ಖಾಲಿ ಇದ್ದರೆ ಅನುಮಾನ ಪಡಿ. ಕೊನೆಗೆ ಆ ಚಿತ್ರವನ್ನೇ ಗೂಗಲ್ ಲೆನ್ಸ್‌ಗೆ ಕೊಟ್ಟು ಹುಡುಕಿ. ಅದೇ ಚಿತ್ರ ಇನ್ನೂ ಹಿಂದಿನ ದಿನಾಂಕದಲ್ಲಿ, ಇನ್ನೂ ದೊಡ್ಡ ಅಳತೆಯಲ್ಲಿ, ಬೇರೆಯವರ ಹೆಸರಿನಲ್ಲಿ ಸಿಕ್ಕರೆ ಕೈಬಿಡಿ. ಹಂಪಿಗೆ ಚಿತ್ರಗಳ ಬರ ಇಲ್ಲ.

ಅಳತೆಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ಅಚ್ಚಿಗೆ ಒಂದು ಅಂಗುಲಕ್ಕೆ 300 ಪಿಕ್ಸೆಲ್ ಬೇಕು. ಐದು ಅಂಗುಲ ಅಗಲದ ಚಿತ್ರಕ್ಕೆ 1500. ವಾಟ್ಸಾಪಿನಲ್ಲಿ ಫೋಟೋ ಎಂದೇ ಕಳುಹಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಎಂದು ಕಳುಹಿಸಿ. ಕಾಮನ್ಸ್‌ನಲ್ಲಿ `Original file` ಎಂಬುದನ್ನು ಒತ್ತಿದರೆ ಪೂರ್ತಿ ಅಳತೆಯದು ಸಿಗುತ್ತದೆ.

ಉಳಿದದ್ದು ನಮ್ಮ ಹೆಂಚಿನ ಕಟ್ಟಡ. ಇದಕ್ಕೆ ಯಾವ ಕಾಮನ್ಸೂ ನೆರವಾಗದು. ಕಟ್ಟಡ ಕೆಡವಿ ಬಹಳ ಕಾಲವಾಯಿತು, ಸಮಿತಿಯ ಬಳಿ ಒಂದೂ ಫೋಟೋ ಇಲ್ಲ. ಪೆನ್ಸಿಲಿನ ಸಾಲು ಬರೆದವರಿಗೆ ಹೆಚ್ಚು ಆಸೆ ಇದ್ದದ್ದು ಇದರ ಮೇಲೆಯೇ ಎಂದು ನನ್ನ ಊಹೆ. ಕಂಪ್ಯೂಟರ್ ಖಂಡಿತ ಒಂದು ಹೆಂಚಿನ ಶಾಲೆ ಮಾಡಿಕೊಡುತ್ತದೆ. ಜಗಲಿ, ಕಂಬ, ಬೇವಿನ ಮರ, ಗಂಟೆ. ಇಲ್ಲಿ ಕೂತಿರುವ ನಾವು ನೋಡಿ, 'ಜಗಲಿ ಈ ಕಡೆ ಇರಲಿಲ್ಲ, ಮರ ಬೇವಲ್ಲ ಹೊಂಗೆ' ಎನ್ನುತ್ತೇವೆ. ಇನ್ನೈವತ್ತು ವರ್ಷಕ್ಕೆ ಹಾಗೆ ಹೇಳುವವರು ಯಾರೂ ಇರುವುದಿಲ್ಲ. ಶತಮಾನೋತ್ಸವದ ಸಮಿತಿಯವರು ಈ ಸಂಚಿಕೆ ತೆರೆದು, ಸಿಕ್ಕಿತಲ್ಲ ಹಳೆಯ ಫೋಟೋ ಎಂದು ಅದನ್ನೇ ದೊಡ್ಡದು ಮಾಡಿಸಿ ಸಭಾಂಗಣದಲ್ಲಿ ತೂಗುಹಾಕುತ್ತಾರೆ.

ಇದಕ್ಕೆ ಎರಡು ದಾರಿ ಇವೆ. ಒಂದು, ನಮ್ಮ ಮನೆಗಳ ಟ್ರಂಕುಗಳು. ಹತ್ತನೇ ತರಗತಿಯ ಗುಂಪು ಫೋಟೋಗಳಲ್ಲಿ ಮಕ್ಕಳ ಹಿಂದೆ ಕಾಣುವ ಗೋಡೆ, ಕಿಟಕಿ, ಹೆಂಚು ಆ ಕಟ್ಟಡದ್ದೇ. ನಾಲ್ಕಾರು ವರ್ಷದ ಫೋಟೋ ಸೇರಿಸಿದರೆ ಕಟ್ಟಡದ ಮುಂಭಾಗ ಬಹುಪಾಲು ಸಿಗುತ್ತದೆ. 'ಅದು ಸ್ಟುಡಿಯೋದವರದಲ್ಲವೇ?' ಎಂದು ಕೇಳಬಹುದು. ಕಾನೂನಿನ 17ನೆಯ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರೇ ಅಂಥ ಫೋಟೋದ ಮೊದಲ ಒಡೆಯರು. ಆದರೆ ಹಣ ಕೊಟ್ಟದ್ದು ಶಾಲೆಯೋ ಮಕ್ಕಳು ತಲಾ ಇಷ್ಟೆಂದು ಹಾಕಿದ್ದೋ ಈಗ ಯಾರಿಗೆ ನೆನಪು? ಹಾಗಾಗಿ ಸ್ಟುಡಿಯೋದವರು ಊರಲ್ಲಿದ್ದರೆ ಅವರಿಂದಲೂ ಒಂದು ಸಾಲು ಬರೆಸಿಕೊಳ್ಳಿ, ಅವರ ಹೆಸರನ್ನೂ ಕೆಳಗೆ ಹಾಕಿ. ಅದು ಮರ್ಯಾದೆಯೂ ಹೌದು.

ಇನ್ನೊಂದು ದಾರಿ, ನಮ್ಮ ನಿವೃತ್ತ ಚಿತ್ರಕಲಾ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಆ ಗೋಡೆಗಳ ಒಳಗೆ ಅವರು ಪಾಠ ಮಾಡಿದವರು. ಫೋಟೋಗಳಲ್ಲಿ ಸಿಕ್ಕಷ್ಟು ಕಣ್ಮುಂದೆ ಇಟ್ಟುಕೊಂಡು ಅವರು ಬರೆಯಲಿ, ಹಳಬರು ಪಕ್ಕದಲ್ಲಿ ಕೂತು ಜಗಲಿ ಯಾವ ಕಡೆ ಎಂದು ಜಗಳವಾಡಲಿ. ಕೆಳಗೆ 'ನೆನಪಿನಿಂದ ಬರೆದ ಚಿತ್ರ' ಎಂದು ಹಾಕಿ, ಅವರ ಸಹಿ, ಇಸವಿ ಇರಲಿ. ಅದು ಫೋಟೋ ಎಂದು ಯಾರೂ ಭ್ರಮಿಸುವುದಿಲ್ಲ, ಸುಳ್ಳೂ ಅಲ್ಲ.

ಮನೆಯಿಂದ ಫೋಟೋ ತರುವವರಿಗೆ ಒಂದೆರಡು ವಿನಂತಿ. ಆಲ್ಬಮ್ಮಿನಿಂದ ಕೀಳಲು ಹೋಗಿ ಹರಿಯಬೇಡಿ, ಆಲ್ಬಮ್ಮನ್ನೇ ತನ್ನಿ. ಕಚೇರಿಯಲ್ಲಿ ಸ್ಕ್ಯಾನರ್ ಇಟ್ಟಿದ್ದೇವೆ, ಚಿಕ್ಕ ಫೋಟೋಗಳನ್ನು ಅಂಗುಲಕ್ಕೆ 600ರಂತೆ ಸ್ಕ್ಯಾನ್ ಮಾಡಿ ಅಲ್ಲೇ ವಾಪಸು ಕೊಡುತ್ತೇವೆ. ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಮುಂದಕ್ಕೆ ಮೂಡುತ್ತದೆ. ಪಕ್ಕದಲ್ಲಿ ಒಂದು ರಿಜಿಸ್ಟರ್ ಇದೆ. ಯಾರ ಫೋಟೋ, ಯಾವ ವರ್ಷ, ತೆಗೆದವರು ಯಾರು, ಸಂಚಿಕೆಯಲ್ಲಿ ಹಾಕಲು ಒಪ್ಪಿಗೆಯೇ, ಮುಂದೆ ಕಾಮನ್ಸ್‌ಗೆ ಏರಿಸಲೂ ಒಪ್ಪಿಗೆಯೇ ಎಂದು ಐದು ಅಂಕಣ. ಕೊನೆಯದಕ್ಕೆ ಒಪ್ಪದಿದ್ದರೂ ಬೇಸರವಿಲ್ಲ. ಈಗ ಓದುತ್ತಿರುವ ಮಕ್ಕಳ ಚಿತ್ರವಿದ್ದರೆ ಅವರ ತಂದೆ ತಾಯಿಯ ಸಹಿ ಬೇಕು, ಅದು ಫೋಟೋ ತೆಗೆದವರ ಹಕ್ಕಿನಿಂದ ಬೇರೆಯೇ ವಿಷಯ. ಡಿ.ಟಿ.ಪಿ.ಗೆ ಪುಟಗಳು ಹೋಗುವುದು ತಿಂಗಳ ಕೊನೆಗೆ. ಅಷ್ಟರೊಳಗೆ ಟ್ರಂಕು ತೆಗೆಯಿರಿ.